ಐದು ತತ್ವಜ್ಞಾನಿಗಳು, ಐದು ಫೋರ್ಕು

1965ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಪಾಠ ಮಾಡುತ್ತಿದ್ದ ಎಡ್ಸ್‌ಗರ್ ಡೈಕ್‌ಸ್ಟ್ರಾ ತಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟರು. ಅದರಲ್ಲಿ ಊಟವೂ ಇರಲಿಲ್ಲ, ತತ್ವಜ್ಞಾನಿಗಳೂ ಇರಲಿಲ್ಲ. ಟೇಪ್ ಡ್ರೈವ್‌ಗಳಿಗಾಗಿ ಪೈಪೋಟಿಗಿಳಿದ ಕಂಪ್ಯೂಟರುಗಳಿದ್ದವು. ಅದನ್ನು ಊಟದ ಮೇಜಿಗೆ ತಂದು ಕೂರಿಸಿದವರು ಟೋನಿ ಹೋರ್. ಟೇಪ್ ಡ್ರೈವ್ ಮೂಲೆಗೆ ಸರಿದು ಎಷ್ಟೋ ಕಾಲವಾಯಿತು, ಊಟದ ಮೇಜು ಮಾತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ದುಂಡು ಮೇಜಿನ ಸುತ್ತ ಐವರು ಕೂತಿದ್ದಾರೆ. ಯೋಚಿಸುವುದು, ಹಸಿವಾದಾಗ ತಿನ್ನುವುದು, ಮತ್ತೆ ಯೋಚಿಸುವುದು, ಅವರಿಗೆ ಇಷ್ಟೇ ಕೆಲಸ. ಮುಂದಿರುವುದು ಎರಡು ಫೋರ್ಕು ಇಲ್ಲದೆ ತಿನ್ನಲಾಗದಂಥ ಸ್ಪಗೆಟ್ಟಿ. ಮೇಜಿನ ಮೇಲಿರುವುದೋ ಒಟ್ಟು ಐದೇ ಫೋರ್ಕು, ಇಬ್ಬಿಬ್ಬರ ನಡುವೆ ಒಂದೊಂದು. ಪಕ್ಕದವರು ಹಿಡಿದಿರುವುದನ್ನು ಕಿತ್ತುಕೊಳ್ಳುವಂತಿಲ್ಲ, ಅವರು ಇಡುವವರೆಗೆ ಕಾಯಬೇಕು. ಕಂಪ್ಯೂಟರಿನ ಮಾತಿನಲ್ಲಿ ಹೇಳುವುದಾದರೆ ಒಬ್ಬೊಬ್ಬ ತತ್ವಜ್ಞಾನಿ ಒಂದೊಂದು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ತನ್ನ ಪಾಡಿಗೆ ಓಡುವ ಒಂದು ಕೆಲಸದ ಸರಣಿ. ಫೋರ್ಕು ಎಂದರೆ ಲಾಕ್, ಒಂದು ಸಲಕ್ಕೆ ಒಬ್ಬರ ಕೈಗೆ ಮಾತ್ರ ಸಿಗುವಂಥದ್ದು.

ತತ್ವಜ್ಞಾನಿಗಳಿಗೂ ಫೋರ್ಕುಗಳಿಗೂ 0ಯಿಂದ 4ರವರೆಗೆ ಸಂಖ್ಯೆ ಕೊಡೋಣ. 0ನೆಯವನ ಎಡಕ್ಕೆ 0, ಬಲಕ್ಕೆ 1. 1ನೆಯವನ ಎಡಕ್ಕೆ 1, ಬಲಕ್ಕೆ 2. ಹೀಗೆ ಸಾಗಿ 4ನೆಯವನ ಎಡಕ್ಕೆ 4, ಬಲಕ್ಕೆ ಮತ್ತೆ 0. ಯಾರಿಗಾದರೂ ಮೊದಲು ಹೊಳೆಯುವ ಕ್ರಮ ಇದು: ಎಡಗಡೆಯದನ್ನು ಎತ್ತಿಕೋ, ಬಲಗಡೆಯದನ್ನು ಎತ್ತಿಕೋ, ತಿನ್ನು, ಎರಡನ್ನೂ ಇಡು. ಪೈಥಾನ್‌ನಲ್ಲಿ ಬರೆದರೆ:

```python
with forks[i]:
    with forks[(i + 1) % 5]:
        eat(i)
```

ಇದರಲ್ಲಿ ಬಿಡಿಬಿಡಿಯಾಗಿ ನೋಡಿದರೆ ಒಂದು ಸಾಲೂ ತಪ್ಪಿಲ್ಲ. ಆದರೆ ಐವರಿಗೂ ಒಂದೇ ಹೊತ್ತಿಗೆ ಹಸಿವಾಯಿತೆನ್ನಿ. 0ನೆಯವನು 0 ಫೋರ್ಕನ್ನು ಎತ್ತಿಕೊಂಡ. ಅವನು ಬಲಕ್ಕೆ ಕೈಚಾಚುವಷ್ಟರಲ್ಲಿ ಆಪರೇಟಿಂಗ್ ಸಿಸ್ಟಂ ಅವನನ್ನು ತಡೆದು 1ನೆಯವನಿಗೆ ಅವಕಾಶ ಕೊಟ್ಟಿತು. ಅವನು 1ನ್ನು ಎತ್ತಿಕೊಂಡ. ಆಮೇಲೆ 2ನೆಯವನು 2ನ್ನು, 3ನೆಯವನು 3ನ್ನು, 4ನೆಯವನು 4ನ್ನು. ಈಗ ಎಲ್ಲರ ಕೈಯಲ್ಲೂ ಒಂದೊಂದು ಫೋರ್ಕಿದೆ, ಮೇಜು ಬರಿದಾಗಿದೆ. 0ನೆಯವನು ಕಾಯುತ್ತಿರುವುದು 1ನೆಯವನಿಗಾಗಿ, 1ನೆಯವನು 2ನೆಯವನಿಗಾಗಿ, ಹೀಗೇ ಹೋಗಿ 4ನೆಯವನು ಕಾಯುತ್ತಿರುವುದು 0ನೆಯವನಿಗಾಗಿ. ತಿನ್ನದೆ ಯಾರೂ ಕೆಳಗಿಡುವುದಿಲ್ಲ, ಯಾರಾದರೂ ಕೆಳಗಿಡದೆ ಯಾರೂ ತಿನ್ನುವಂತಿಲ್ಲ. ಇದೇ ಡೆಡ್‌ಲಾಕ್.

ಇದನ್ನು ಪತ್ತೆ ಹಚ್ಚುವುದು ಕಷ್ಟ. ಪ್ರೋಗ್ರಾಂ ಮುರಿದು ಬೀಳುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಥ್ರೆಡ್‌ಗಳೆಲ್ಲ ಮಲಗಿರುತ್ತವೆ, ಸಿಪಿಯು ಆರಾಮಾಗಿರುತ್ತದೆ, ಕೆಲಸ ಮಾತ್ರ ಮುಂದೆ ಹೋಗುವುದಿಲ್ಲ. ಪರೀಕ್ಷೆಗೆ ಸಿಗುವುದೂ ಅಪರೂಪ. ಮೊದಲ ಲಾಕ್‌ಗೂ ಎರಡನೆಯದಕ್ಕೂ ನಡುವಿನ ಸಮಯ ಎಷ್ಟು ಚಿಕ್ಕದೆಂದರೆ, ಐವರೂ ಅದೇ ಕಿಂಡಿಯಲ್ಲಿ ಒಟ್ಟಿಗೆ ಸಿಕ್ಕಿಬೀಳುವ ಸಂದರ್ಭ ಸಾವಿರಾರು ಸಲ ಓಡಿಸಿದರೂ ಬಾರದೇ ಹೋಗಬಹುದು. ಎರಡು `with` ಸಾಲುಗಳ ನಡುವೆ `time.sleep(0.1)` ಸೇರಿಸಿ ಆ ಕಿಂಡಿಯನ್ನು ಹಿಗ್ಗಿಸಿದರೆ ಹೆಚ್ಚುಕಡಿಮೆ ಪ್ರತಿ ಸಲವೂ ನಿಂತುಹೋಗುತ್ತದೆ. ಈ ಅಭ್ಯಾಸವನ್ನು ಕಲಿಸುವವರು ಇದನ್ನೊಮ್ಮೆ ಮಾಡಿ ತೋರಿಸಲೇಬೇಕು. ಇಲ್ಲದಿದ್ದರೆ "ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಓಡುತ್ತಿದೆಯಲ್ಲ" ಎನ್ನುವ ವಿದ್ಯಾರ್ಥಿಗೆ ಹೇಳಲು ಏನೂ ಉಳಿಯುವುದಿಲ್ಲ.

ಎರಡನೆಯದು ಸಿಗದಿದ್ದರೆ ಮೊದಲನೆಯದನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿಕೊಂಡರಾಯಿತಲ್ಲ ಎಂದು ಅನ್ನಿಸಬಹುದು. ಐವರೂ ಒಟ್ಟಿಗೆ ಇಟ್ಟು, ಅಷ್ಟೇ ಹೊತ್ತು ಕಾದು, ಒಟ್ಟಿಗೆ ಎತ್ತಿಕೊಂಡರೆ? ಎಲ್ಲರೂ ಕೈಯಾಡಿಸುತ್ತಲೇ ಇರುತ್ತಾರೆ, ಒಬ್ಬನ ಬಾಯಿಗೂ ತುತ್ತು ಬೀಳುವುದಿಲ್ಲ. ಕಾಯುವ ಹೊತ್ತನ್ನು ಒಬ್ಬೊಬ್ಬರಿಗೆ ಒಂದೊಂದು ಥರ ಇಟ್ಟರೆ ಇದು ಅಪರೂಪವಾಗುತ್ತದೆ, ಆದರೆ ಆಗುವುದೇ ಇಲ್ಲ ಎಂದು ಸಾಧಿಸಿ ತೋರಿಸಲಾಗದು.

ಸಾಧಿಸಿ ತೋರಿಸಬಹುದಾದ ದಾರಿ ಇನ್ನೂ ಸರಳ. ಎಡ ಬಲ ಮರೆತುಬಿಡಿ. ತನಗೆ ಬೇಕಾದ ಎರಡರಲ್ಲಿ ಚಿಕ್ಕ ಸಂಖ್ಯೆಯದನ್ನೇ ಮೊದಲು ಎತ್ತಿಕೊಳ್ಳಬೇಕು.

```python
a, b = sorted((i, (i + 1) % 5))
with forks[a]:
    with forks[b]:
        eat(i)
```

ಮೊದಲ ನಾಲ್ವರಿಗೆ ಏನೂ ಬದಲಾಗಲಿಲ್ಲ, ಅವರ ಎಡಗಡೆಯದೇ ಚಿಕ್ಕದು. ಬದಲಾದವನು 4ನೆಯವನೊಬ್ಬ. ಅವನೀಗ 4ನ್ನು ಬಿಟ್ಟು ಮೊದಲು 0ಗೆ ಕೈಚಾಚಬೇಕು. ಅದೇ ದುರ್ಭರ ಕ್ಷಣವನ್ನು ಮತ್ತೆ ಓಡಿಸಿ ನೋಡೋಣ. 0, 1, 2, 3ನೆಯವರು ತಮ್ಮ ಮೊದಲ ಫೋರ್ಕು ಹಿಡಿದರು. 4ನೆಯವನಿಗೆ 0 ಸಿಗಲಿಲ್ಲ, ಬರಿಗೈಯಲ್ಲಿ ಕಾಯುತ್ತಿದ್ದಾನೆ. ಹಾಗಾಗಿ 4ನೇ ಫೋರ್ಕು ಮೇಜಿನ ಮೇಲೇ ಉಳಿಯಿತು. 3ನೆಯವನು ಅದನ್ನೆತ್ತಿ ತಿಂದು ಎರಡನ್ನೂ ಇಟ್ಟ. ಅವನು ಇಟ್ಟ 3 ಸಿಕ್ಕಿದ್ದೇ 2ನೆಯವನು ತಿಂದ, ಆಮೇಲೆ 1ನೆಯವನು, ಆಮೇಲೆ 0ನೆಯವನು. 0 ಬಿಡುಗಡೆಯಾದ ಮೇಲೆ 4ನೆಯವನ ಸರದಿ.

ಇದು ಈ ಒಂದು ಸಂದರ್ಭಕ್ಕೆ ಮಾತ್ರ ಒದಗಿದ ಅದೃಷ್ಟವಲ್ಲ. ಯಾವುದೇ ಕ್ಷಣದಲ್ಲಿ, ಯಾರದಾದರೂ ಕೈಯಲ್ಲಿರುವ ಫೋರ್ಕುಗಳ ಪೈಕಿ ಅತಿ ದೊಡ್ಡ ಸಂಖ್ಯೆಯದನ್ನು ಹುಡುಕಿ. ಅದನ್ನು ಹಿಡಿದವನಿಗೆ ಇನ್ನೊಂದು ಬೇಕಿದ್ದರೆ ಅದು ಇನ್ನೂ ದೊಡ್ಡ ಸಂಖ್ಯೆಯದೇ ಆಗಿರಬೇಕು, ಚಿಕ್ಕದಾಗಿದ್ದರೆ ಅದನ್ನವನು ಮೊದಲೇ ಎತ್ತಿಕೊಂಡಿರುತ್ತಿದ್ದ. ಆದರೆ ಇನ್ನೂ ದೊಡ್ಡದು ಯಾರ ಕೈಯಲ್ಲೂ ಇಲ್ಲ. ಅಂದಮೇಲೆ ಅವನ ದಾರಿಗೆ ಅಡ್ಡಿಯಿಲ್ಲ. ಹೀಗೆ ಯಾವಾಗಲೂ ಒಬ್ಬನಾದರೂ ಮುಂದುವರಿಯಬಲ್ಲ. ತತ್ವಜ್ಞಾನಿಗಳು ಐವರಿರಲಿ ಐನೂರಿರಲಿ, ಈ ವಾದ ಒಂದಕ್ಷರವೂ ಬದಲಾಗುವುದಿಲ್ಲ.

ಆದರೆ ಕ್ರಮ ಭರವಸೆ ಕೊಡುವುದು ಇಷ್ಟಕ್ಕೆ ಮಾತ್ರ. ಐದು ಫೋರ್ಕಿನಲ್ಲಿ ಏಕಕಾಲಕ್ಕೆ ಇಬ್ಬರು ತಿನ್ನಬಹುದಿತ್ತು, ಮೇಲಿನ ಓಟದಲ್ಲಿ ಬಹುಪಾಲು ಒಬ್ಬೊಬ್ಬರಾಗಿ ತಿಂದರು. ಲಾಕ್ ಸರದಿಯಂತೆ ಸಿಗುವ ವ್ಯವಸ್ಥೆ ಇಲ್ಲದಿದ್ದರೆ ನಿರ್ಭಾಗ್ಯನೊಬ್ಬ ಬಹಳ ಹೊತ್ತು ಹಸಿದೇ ಇರಲೂಬಹುದು. ಅದಕ್ಕೆ ಬೇರೆಯೇ ಮದ್ದು ಬೇಕು.

ನಿಜವಾದ ಕೆಲಸದಲ್ಲಿ ಇದು ಎದುರಾಗುವ ಸಾಮಾನ್ಯ ರೂಪ ಹಣ ವರ್ಗಾವಣೆ. 17ನೇ ಖಾತೆಯಿಂದ 42ಕ್ಕೆ ಒಂದು ಥ್ರೆಡ್, ಅದೇ ಹೊತ್ತಿಗೆ 42ರಿಂದ 17ಕ್ಕೆ ಇನ್ನೊಂದು. ಕೊಡುವವರ ಖಾತೆಯನ್ನು ಮೊದಲು ಲಾಕ್ ಮಾಡುವ ಕೋಡ್ ಇದ್ದರೆ ಇಬ್ಬರೇ ಕೂತ ಮೇಜು ಸಿದ್ಧವಾಯಿತು. ಹಣ ಯಾವ ಕಡೆಗಾದರೂ ಹೋಗಲಿ, 17ನ್ನೇ ಮೊದಲು ಲಾಕ್ ಮಾಡಿದರೆ ಸುತ್ತು ಕಟ್ಟುವುದಿಲ್ಲ. ಇಲ್ಲೊಂದು ಪುಟ್ಟ ಗುಂಡಿಯಿದೆ: ಯಾರಾದರೂ ಒಂದೇ ಖಾತೆಯನ್ನು ಎರಡೂ ಕಡೆ ಬರೆದರೆ ಥ್ರೆಡ್ ತನ್ನದೇ ಲಾಕ್‌ಗಾಗಿ ತಾನೇ ಕಾಯುತ್ತ ಕೂರಬಹುದು. ಅದನ್ನು ಮೊದಲೇ ನೋಡಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ತೊಡಕು, ಯಾವ ಲಾಕ್ ಬೇಕೆಂದು ಮೊದಲೇ ಗೊತ್ತಿಲ್ಲದಿರುವುದು. 42ನ್ನು ಹಿಡಿದು ಒಳಗಿನ ವಿವರ ಓದಿದ ಮೇಲಷ್ಟೇ 17 ಕೂಡ ಬೇಕೆಂದು ತಿಳಿದರೆ 42ನ್ನು ಬಿಟ್ಟು, 17ರಿಂದ ಶುರುಮಾಡಿ, ಎರಡೂ ಸಿಕ್ಕಮೇಲೆ ಮೊದಲು ಓದಿದ ವಿವರ ಹಾಗೇ ಇದೆಯೇ ಎಂದು ಮತ್ತೆ ನೋಡಬೇಕು. ಬಿಟ್ಟ ಆ ಅರೆಕ್ಷಣದಲ್ಲಿ ಬೇರೊಬ್ಬರು ಅದನ್ನು ಬದಲಿಸಿರಬಹುದು.

ಲಿನಕ್ಸ್ ಕರ್ನಲ್‌ನಂಥ ಕಡೆ ಲಾಕ್‌ಗಳು ಸಾವಿರಗಟ್ಟಲೆ. ಅಲ್ಲಿ ಕ್ರಮವನ್ನು ನೆನಪಿನ ಮೇಲೆ ಬಿಟ್ಟರೆ ಆಗದು. 2006ರಲ್ಲಿ ಇಂಗೋ ಮೋಲ್ನಾರ್ ಅದಕ್ಕೆ lockdep ಎಂಬ ಕಾವಲುಗಾರನನ್ನು ಸೇರಿಸಿದರು. ಯಾವ ಬಗೆಯ ಲಾಕ್ ಹಿಡಿದಿರುವಾಗ ಯಾವುದನ್ನು ಕೇಳಲಾಯಿತು ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಯಾವುದೋ ಕೆಲಸ ಒಂದರ ನಂತರ ಎರಡನ್ನು ಹಿಡಿದು ಬಿಟ್ಟಿತು, ಸಂಜೆ ಇನ್ನಾವುದೋ ಕೆಲಸ ಎರಡರ ನಂತರ ಒಂದನ್ನು ಕೇಳಿತು ಎನ್ನಿ. ಎರಡೂ ಯಾವ ಅಡ್ಡಿಯಿಲ್ಲದೆ ಮುಗಿದಿದ್ದರೂ `possible circular locking dependency detected` ಎಂಬ ಸಾಲು ಲಾಗ್‌ನಲ್ಲಿ ಬೀಳುತ್ತದೆ.