ಸಾಫ್ಟ್‌ವೇರ್ ಒಂದೇ ಇರಲೋ, ಒಡೆದು ಹಲವಾಗಲೋ?

ಆರು ಜನ ಎಂಜಿನಿಯರುಗಳು ಸೀರೆ ಮಾರುವ ಆ್ಯಪ್ ಕಟ್ಟಲು ಹೊರಟಿದ್ದಾರೆ ಎಂದುಕೊಳ್ಳಿ. ಆರ್ಡರ್, ಸ್ಟಾಕು, ಹಣ ಪಾವತಿ ಎಲ್ಲವನ್ನೂ ಒಂದೇ ಪ್ರೋಗ್ರಾಮಿನಲ್ಲಿ ಇಟ್ಟರೆ ಅದು ಮೊನೊಲಿತ್. ಪ್ರತಿಯೊಂದಕ್ಕೂ ಬೇರೆ ಪ್ರೋಗ್ರಾಂ ಬರೆದು, ಅವು ನೆಟ್‌ವರ್ಕಿನಲ್ಲಿ ಮಾತಾಡಿಕೊಳ್ಳುವಂತೆ ಮಾಡಿದರೆ ಮೈಕ್ರೊಸರ್ವಿಸ್. ದೊಡ್ಡ ಕಂಪನಿಗಳು ಎರಡನೆಯ ದಾರಿ ಹಿಡಿದಿರುವುದನ್ನು ಕಂಡು ಈ ಆರು ಜನರಿಗೂ ಅದರತ್ತ ಮನಸ್ಸು ಎಳೆಯುತ್ತದೆ. ಬೇಡ ಎನ್ನುತ್ತೇನೆ ನಾನು. ಕಾರಣ ಡೇಟಾದಿಂದಲೇ ಶುರುವಾಗುತ್ತದೆ.

ಒಬ್ಬ ಗ್ರಾಹಕಿ ಕೊನೆಯ ಸೀರೆಯೊಂದನ್ನು ಕೊಂಡಳು. ಸ್ಟಾಕಿನಲ್ಲಿ ಒಂದು ಕಳೆಯಬೇಕು, ಆರ್ಡರ್ ಪಟ್ಟಿಗೆ ಒಂದು ಸೇರಬೇಕು. ಎರಡೂ ಒಂದೇ ಡೇಟಾಬೇಸಿನಲ್ಲಿದ್ದರೆ ಇಷ್ಟು ಸಾಕು:

```sql
BEGIN;
UPDATE stock SET qty = qty - 1
 WHERE item_id = 42 AND qty > 0;
INSERT INTO orders (item_id, customer_id)
 VALUES (42, 7);
COMMIT;
```

ಸೀರೆ ಆಗಲೇ ಖಾಲಿಯಾಗಿದ್ದರೆ `UPDATE` ಯಾವ ಸಾಲನ್ನೂ ಬದಲಿಸುವುದಿಲ್ಲ. ಅದನ್ನು ನೋಡಿ ಪ್ರೋಗ್ರಾಂ `ROLLBACK` ಹೇಳುತ್ತದೆ. ನಡುವೆ ಕರೆಂಟು ಹೋದರೂ ಚಿಂತೆಯಿಲ್ಲ. ಎರಡು ಕೆಲಸವೂ ಆಗಿರುತ್ತದೆ, ಇಲ್ಲವೇ ಎರಡೂ ಆಗಿರುವುದಿಲ್ಲ.

ಈಗ ಸ್ಟಾಕು ಮತ್ತು ಆರ್ಡರ್ ಬೇರೆ ಬೇರೆ ಸರ್ವಿಸುಗಳಾದವು, ಪ್ರತಿಯೊಂದಕ್ಕೂ ತನ್ನದೇ ಡೇಟಾಬೇಸ್ ಎನ್ನಿ. ಸ್ಟಾಕು ಕಡಿಮೆಯಾಯಿತು, ಆರ್ಡರ್ ಸರ್ವಿಸಿಗೆ ಕಳಿಸಿದ ಕೋರಿಕೆಗೆ ಉತ್ತರ ಬರಲಿಲ್ಲ. ಆರ್ಡರ್ ಆಗಲಿಲ್ಲವೋ, ಆಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ? ಕೇಳಿದ ಕಡೆಯವರಿಗೆ ಗೊತ್ತಾಗುವುದಿಲ್ಲ. ಮತ್ತೆ ಕಳಿಸಿದರೆ ಎರಡು ಆರ್ಡರ್ ಆಗಬಹುದು, ಸುಮ್ಮನಿದ್ದರೆ ಸೀರೆ ಯಾರಿಗೂ ಸೇರದೆ ಲೆಕ್ಕದಿಂದ ಮಾಯವಾಗಬಹುದು. ಇದನ್ನು ತಡೆಯಲು ಪ್ರತಿ ಕೋರಿಕೆಗೂ ಪುನರಾವರ್ತನೆ ಗುರುತಿಸುವ ಸಂಖ್ಯೆ ಕೊಡಬೇಕು, ಆರ್ಡರ್ ಬೀಳದಿದ್ದರೆ ಸ್ಟಾಕನ್ನು ಹಿಂದಿರುಗಿಸುವ ಹೆಜ್ಜೆ ಬರೆಯಬೇಕು, ಆ ಹೆಜ್ಜೆಯೂ ಕೈಕೊಟ್ಟರೆ ಏನೆಂದು ಯೋಚಿಸಬೇಕು. ಡೇಟಾಬೇಸ್ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದ ಕೆಲಸ ಈಗ ಆರು ಜನರ ತಲೆಗೆ ಬಂತು.

ಇದರಿಂದ ಪಾರಾಗಲು ಕೆಲವರು ಸರ್ವಿಸುಗಳನ್ನು ಒಡೆದು ಡೇಟಾಬೇಸನ್ನು ಮಾತ್ರ ಒಂದೇ ಇಡುತ್ತಾರೆ. ಇದು ಇನ್ನೂ ಕೆಟ್ಟದ್ದು. ಸ್ಟಾಕಿನವರು ಒಂದು ಕಾಲಮ್ಮಿನ ಹೆಸರು ಬದಲಿಸಿದರೆ ಆರ್ಡರಿನವರ ಪ್ರೋಗ್ರಾಂ ಮುರಿದು ಬೀಳುತ್ತದೆ. ಟೇಬಲ್ ಯಾರದೆಂದು ತೀರ್ಮಾನವಾಗದಿದ್ದರೆ ಒಡೆದದ್ದು ಬರೀ ಕೋಡ್ ಮಾತ್ರ.

ತಂಡದ ಗಾತ್ರದ ಪಾಠವನ್ನು ಅಮೆರಿಕದ ಸೆಗ್ಮೆಂಟ್ ಕಂಪನಿ 2018ರಲ್ಲಿ ತಾನೇ ಬಹಿರಂಗವಾಗಿ ಬರೆದುಕೊಂಡಿತು. ಗ್ರಾಹಕ ಕಂಪನಿಗಳ ಮಾಹಿತಿಯನ್ನು ಪಡೆದು ಗೂಗಲ್ ಅನಾಲಿಟಿಕ್ಸ್‌ನಂಥ ಹತ್ತಾರು ಕಡೆಗೆ ತಲುಪಿಸುವುದು ಅದರ ಕೆಲಸ. ಮೊದಲು ಎಲ್ಲಕ್ಕೂ ಒಂದೇ ಸಾಲು. ಒಂದು ಕಡೆ ತೊಡಕಾದರೆ ಉಳಿದವೂ ತಡವಾಗುತ್ತಿದ್ದವು. ಹಾಗಾಗಿ ಪ್ರತಿ ಗಮ್ಯಕ್ಕೂ ಒಂದು ಸರ್ವಿಸ್, ಒಂದು ಸಾಲು ಮಾಡಿದರು. ಆ ತೊಂದರೆ ನಿಜಕ್ಕೂ ಹೋಯಿತು. ಆದರೆ ಸರ್ವಿಸುಗಳು 140 ದಾಟಿದವು. ಎಲ್ಲವೂ ಬಳಸುತ್ತಿದ್ದ ಸಾಮಾನ್ಯ ಕೋಡಿನಲ್ಲಿ ಸಣ್ಣ ತಿದ್ದುಪಡಿ ಮಾಡಿದರೂ ಅಷ್ಟನ್ನೂ ಪರೀಕ್ಷಿಸಿ ಡಿಪ್ಲಾಯ್ ಮಾಡಬೇಕು. ಸಮಯವಿಲ್ಲದಾಗ ಒಂದಕ್ಕೆ ಮಾತ್ರ ಹೊಸ ಆವೃತ್ತಿ, ಉಳಿದವಕ್ಕೆ ಹಳೆಯದು. ಕೊನೆಗೆ ಮೂವರು ಎಂಜಿನಿಯರುಗಳ ಹೆಚ್ಚಿನ ಹೊತ್ತು ವ್ಯವಸ್ಥೆಯನ್ನು ಉಸಿರಾಡಿಸುವುದರಲ್ಲೇ ಕಳೆಯತೊಡಗಿತು. ಅವರು ಎಲ್ಲವನ್ನೂ ಮತ್ತೆ ಒಂದೇ ಸರ್ವಿಸಿಗೆ ತಂದರು. ನಷ್ಟವೂ ಇತ್ತು, ಅದನ್ನೂ ಮುಚ್ಚಿಡಲಿಲ್ಲ: ಈಗ ಒಂದು ಗಮ್ಯದ ಕೋಡಿನಲ್ಲಿನ ದೋಷ ಇಡೀ ಸರ್ವಿಸನ್ನು ಕೆಡವಬಹುದು.

ಡಿಪ್ಲಾಯ್ ವಿಚಾರದಲ್ಲಿ ನಾನು ನೋಡುವ ಗುರುತು ಒಂದೇ. ಒಂದು ಹೊಸ ಸೌಲಭ್ಯಕ್ಕಾಗಿ ಮೂರು ಸರ್ವಿಸುಗಳನ್ನು ಒಟ್ಟಿಗೆ, ಅದೂ ಇಂಥದೇ ಕ್ರಮದಲ್ಲಿ ಬಿಡುಗಡೆ ಮಾಡಬೇಕಾಗುತ್ತಿದ್ದರೆ ಅವು ಬೇರೆ ಬೇರೆ ಸರ್ವಿಸುಗಳೇ ಅಲ್ಲ. ಮೊನೊಲಿತ್ತಿನ ಬಿಗಿತವೂ ಉಳಿಯಿತು, ನೆಟ್‌ವರ್ಕಿನ ಕಾಟವೂ ಸೇರಿತು.

ಹಾಗಾದರೆ ಯಾವಾಗ ಒಡೆಯಬೇಕು? ಪಾವತಿ ತಂಡದವರ ಕೆಲಸ ಮುಗಿದಿದ್ದರೂ ಹುಡುಕಾಟ ವಿಭಾಗದ ದೋಷ ಸರಿಯಾಗುವವರೆಗೆ ಬಿಡುಗಡೆಗೆ ಕಾಯಬೇಕಾಗಿ ಬಂದಾಗ, ಅದು ವಾರವಾರವೂ ನಡೆಯತೊಡಗಿದಾಗ. ಆಗ ಪಾವತಿಗೆ ತನ್ನದೇ ಜನ, ತನ್ನದೇ ಟೇಬಲುಗಳು, ರಾತ್ರಿ ಕೆಟ್ಟರೆ ಎದ್ದು ನೋಡುವ ಹೊಣೆಗಾರರು ಇರುತ್ತಾರೆ. ಈ ಮೂರೂ ಇದ್ದರೆ ಒಡೆಯುವ ಖರ್ಚು ಸಾರ್ಥಕ.

ಅಲ್ಲಿಯವರೆಗೆ ಆ ಆರು ಜನರಿಗೆ ನನ್ನ ಮಾತು ಇಷ್ಟು: ಪ್ರೋಗ್ರಾಂ ಒಂದೇ ಇರಲಿ, ಒಳಗೆ ವಿಭಾಗಗಳಿರಲಿ. ಆರ್ಡರ್ ವಿಭಾಗದ ಕೋಡ್ ಸ್ಟಾಕಿನ ಟೇಬಲನ್ನು ನೇರವಾಗಿ ಮುಟ್ಟದೆ, ಸ್ಟಾಕು ವಿಭಾಗದ ಫಂಕ್ಷನ್ ಮೂಲಕವೇ ಕೇಳಲಿ. ಈ ಶಿಸ್ತನ್ನು ಮೊದಲ ದಿನದಿಂದ ಪಾಲಿಸಿ. ಮುಂದೆ ನಿಜವಾಗಿಯೂ ಬೇರೆ ಮಾಡಬೇಕಾಗಿ ಬಂದರೆ ಎಲ್ಲಿ ಕತ್ತರಿಸಬೇಕೆಂಬುದು ಆಗಲೇ ಗೊತ್ತಿರುತ್ತದೆ.