ಮಿರ್ಚಿ ಬೇಕೋ, ಗುಟ್ಕಾ ಬೇಕೋ?

ಮೇ 31 ವಿಶ್ವ ತಂಬಾಕು ರಹಿತ ದಿನ. ನಮ್ಮಲ್ಲಿ ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೇ ಅದು ಬರುತ್ತದೆ. ಪ್ರೌಢಶಾಲೆಯ ಗೇಟಿನ ಪಕ್ಕದ ಗೋಡೆಗೆ ಹೊಸ ಸುಣ್ಣ ಬೀಳುತ್ತದೆ, ಅದರ ಮೇಲೆ ‘ತಂಬಾಕು ತ್ಯಜಿಸಿ, ಆರೋಗ್ಯ ರಕ್ಷಿಸಿ’ ಎನ್ನುವ ಧಾಟಿಯ ಸಾಲೊಂದು ಮೂಡುತ್ತದೆ. ಹದಿನಾಲ್ಕರ ಹುಡುಗ ಅದನ್ನು ಓದುವುದಿಲ್ಲ. ಓದಿದರೂ ಅದು ದೊಡ್ಡವರ ಇನ್ನೊಂದು ಅಪ್ಪಣೆ ಅಷ್ಟೆ.

ಅಪ್ಪಣೆಯ ಘೋಷಣೆ ಹದಿಹರೆಯದವರ ಮೇಲೆ ಎಷ್ಟು ದುರ್ಬಲ ಎಂಬುದು ಅಮೆರಿಕದಲ್ಲಿ ಪರೀಕ್ಷೆಗೆ ಒಳಪಟ್ಟ ವಿಷಯ. 1998ರಲ್ಲಿ ಫಿಲಿಪ್ ಮಾರಿಸ್ ಎಂಬ ಸಿಗರೇಟ್ ಕಂಪನಿಯೇ ‘ಯೋಚಿಸು, ಸೇದಬೇಡ’ ಎಂಬರ್ಥದ ಪ್ರಚಾರ ಶುರುಮಾಡಿತು. ಅದೇ ವರ್ಷ ಫ್ಲಾರಿಡಾ ರಾಜ್ಯದಲ್ಲಿ ‘ಟ್ರೂತ್’ ಎಂಬ ಇನ್ನೊಂದು ಪ್ರಚಾರ ಹುಟ್ಟಿತು. ಅದನ್ನು ರೂಪಿಸುವುದರಲ್ಲಿ ಹದಿಹರೆಯದವರೇ ಕೈಜೋಡಿಸಿದ್ದರು. ಸೇದಬೇಡ ಎಂದು ಅದು ಹೇಳಲೇ ಇಲ್ಲ. ಕಂಪನಿಗಳು ಏನನ್ನು ಮುಚ್ಚಿಟ್ಟವು, ಎಳೆಯರನ್ನು ಹೇಗೆ ಸೆಳೆದವು ಎಂಬುದನ್ನು ಬಯಲಿಗೆಳೆಯಿತು. 2002ರಲ್ಲಿ ಪ್ರಕಟವಾದ ಅಧ್ಯಯನ ಎರಡನ್ನೂ ತೂಗಿ ನೋಡಿತು. ‘ಟ್ರೂತ್’ ನೋಡಿದ ಮಕ್ಕಳಲ್ಲಿ ತಂಬಾಕಿನ ವಿರುದ್ಧದ ಮನೋಭಾವ ಗಟ್ಟಿಯಾಗಿತ್ತು. ಕಂಪನಿಯ ಪ್ರಚಾರ ನೋಡಿದವರಲ್ಲಿ ಮುಂದೆ ಸೇದಬಹುದು ಎಂಬ ಒಲವು ತುಸು ಹೆಚ್ಚೇ ಕಂಡಿತು.

ಹಾಗಾದರೆ ನಮ್ಮ ಗೇಟಿನ ಗೋಡೆಗೆ ಏನು ಬರೆಯಬೇಕು? ಹುಬ್ಬಳ್ಳಿ-ಧಾರವಾಡದ ಕಡೆಯ ಒಂದು ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ಅಲ್ಲಿ ಸಿಗರೇಟಿಗಿಂತ ಚೀಟಿಯ ಹಾವಳಿ ದೊಡ್ಡದು. ಕ್ಯಾನ್ಸರ್ ಎಂದು ಬರೆದರೆ ಅದು ಹುಡುಗನಿಗೆ ಅಪ್ಪನ ವಯಸ್ಸಿನ ಕಾಯಿಲೆ, ತನಗೆ ದೂರ. ಆದರೆ ಗುಟ್ಕಾ ಅಗಿಯುವವರಲ್ಲಿ ಅದಕ್ಕಿಂತ ಬಹಳ ಮೊದಲೇ ಕಾಣಿಸುವ ಇನ್ನೊಂದು ತೊಂದರೆ ಇದೆ. ಕೆನ್ನೆಯ ಒಳಪೊರೆ ಗಟ್ಟಿಯಾಗಿ, ನಾರಿನ ಪಟ್ಟಿಗಳು ಕಟ್ಟಿಕೊಂಡು ಬಾಯಿ ಬಿಗಿಯುತ್ತಾ ಹೋಗುತ್ತದೆ. ದಂತವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಮೊದಲ ಸುಳಿವೆಂದರೆ ಖಾರ ತಿಂದಾಗ ಬಾಯಿ ಉರಿ. ಆಮೇಲೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಹೀಗೆ ಬಿಗಿದ ಬಾಯಿ ಮತ್ತೆ ಸಂಪೂರ್ಣ ಮೊದಲಿನಂತಾಗುವುದು ಕಷ್ಟ, ಮುಂದೆ ಅದು ಕ್ಯಾನ್ಸರಿಗೂ ತಿರುಗಬಹುದು.

ಘೋಷಣೆಗೆ ಬೇಕಾದ ಸಾಮಗ್ರಿ ಇಲ್ಲೇ ಇದೆ. ಸಂಜೆ ಶಾಲೆ ಬಿಟ್ಟಾಗ ಹುಡುಗರು ಮುಗಿಬೀಳುವುದು ಗಿರಮಿಟ್-ಮಿರ್ಚಿ ಗಾಡಿಗೆ. ‘ಮಿರ್ಚಿ ಬೇಕೋ, ಗುಟ್ಕಾ ಬೇಕೋ? ಎರಡೂ ಆಗಂಗಿಲ್ಲ’ ಎಂದು ಬರೆದು ನೋಡಿ. ಇದರಲ್ಲಿ ಅಪ್ಪಣೆ ಇಲ್ಲ, ಸುಳ್ಳೂ ಇಲ್ಲ, ಕಳೆದುಕೊಳ್ಳುವ ವಸ್ತು ಕಣ್ಣೆದುರೇ ಕರಿಯುತ್ತಿದೆ. ಅದರ ಕೆಳಗೆ ಇನ್ನೊಂದು ಸಾಲು: ‘ಬಾಯಿ ತೆಗಿ, ಮೂರು ಬೆರಳು ನಿಲ್ಲಿಸಿ ನೋಡು.’ ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದರಂತೆ ಹಲ್ಲುಗಳ ನಡುವೆ ಇಡುವ ಈ ಪರೀಕ್ಷೆ ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಸ್ಥೂಲವಾಗಿ ತೋರಿಸುತ್ತದೆ. ಓದಿದ ಹುಡುಗ ಮಾಡಿ ನೋಡದೆ ಬಿಡುವುದಿಲ್ಲ, ಗೆಳೆಯನಿಗೂ ಮಾಡಿಸುತ್ತಾನೆ. ಬೆರಳು ಹಿಡಿಸದವನು ದಂತವೈದ್ಯರ ಬಳಿ ಹೋಗಬೇಕು. ಹಿಡಿಸಿತೆಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ. ಇದನ್ನು ಶಿಕ್ಷಕರು ತರಗತಿಯಲ್ಲಿ ಬಾಯಿಬಿಟ್ಟು ಹೇಳಬೇಕು, ಗೋಡೆಯ ಮೇಲೆ ಅಷ್ಟಕ್ಕೆ ಜಾಗವಿಲ್ಲ.

ಒಂದು ಕಡೆ ಮಾತ್ರ ಈ ಘೋಷಣೆ ಸೋಲುತ್ತದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಮತ್ತು ತಂಬಾಕು ಬೇರೆ ಬೇರೆ ಚೀಟಿಯಲ್ಲಿ ಬರತೊಡಗಿದವು, ಕೊಂಡವನೇ ಬೆರೆಸಿಕೊಳ್ಳುತ್ತಾನೆ. ‘ನಾನು ಬರೀ ಮಸಾಲಾ ತಿನ್ನೋದು, ತಂಬಾಕು ಇಲ್ಲ’ ಎಂದು ಹುಡುಗ ನುಣುಚಿಕೊಳ್ಳುತ್ತಾನೆ. ಆದರೆ ಬಾಯಿ ಬಿಗಿಯಲು ಮುಖ್ಯ ಕಾರಣ ಅಡಿಕೆಯೇ. ಆದ್ದರಿಂದ ‘ಎರಡು ಚೀಟಿ ಆದರೂ, ಒಂದೇ ಚೀಟಿ ಆದರೂ ಬಾಯಿ ಬಿಗೀತದ’ ಎಂಬ ಸಾಲೂ ಬೇಕು.

ಬರೆಯಲೇಬಾರದ್ದು ಒಂದಿದೆ: ‘ಇಂದಿನ ಯುವಜನ ಚಟಕ್ಕೆ ಬಲಿ’ ಎಂಬ ಗೋಳು. ಎಲ್ಲರೂ ಮಾಡುತ್ತಾರೆ ಎಂದು ಕೇಳಿದ ಹುಡುಗನಿಗೆ ತಾನೊಬ್ಬನೇ ಹೊರಗುಳಿದೆ ಎನಿಸುತ್ತದೆ. ಸತ್ಯ ಬೇರೆಯೇ ಇದೆ. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುತ್ತಿದ್ದವರು ಶೇ 8.5 ಮಾತ್ರ. ‘ನೂರರಲ್ಲಿ ತೊಂಬತ್ತು ಮಂದಿ ಮುಟ್ಟಂಗಿಲ್ಲ’ ಎಂದು ಧೈರ್ಯವಾಗಿ ಬರೆಯಬಹುದು.

ಬಣ್ಣ ಹಚ್ಚುವ ಮೊದಲು ಸಾಲನ್ನು ಒಂಬತ್ತನೇ ತರಗತಿಯ ನಾಲ್ಕೈದು ಮಕ್ಕಳಿಗೆ ತೋರಿಸಿ, ಮರುದಿನ ನೆನಪಿನಿಂದ ಹೇಳಿಸಿ. ಹೇಳಲು ಬಾರದಿದ್ದರೆ ಬದಲಿಸಿ. ಹಾಗೆಯೇ ಗೇಟಿನಿಂದ ಒಮ್ಮೆ ಸುತ್ತಲೂ ನಡೆದು ಬನ್ನಿ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರುವುದನ್ನು 2003ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಅಷ್ಟರೊಳಗೆ ಚೀಟಿಯ ಮಾಲೆ ತೂಗುವ ಅಂಗಡಿ ಇದ್ದರೆ ಗೋಡೆಯ ಯಾವ ಸಾಲೂ ನಿಲ್ಲುವುದಿಲ್ಲ, ಮೊದಲು ಅದನ್ನು ತೆಗೆಸಿ. ಘೋಷಣೆಯ ಕೆಳಗೆ 1800-11-2356 ಎಂದು ದಪ್ಪಕ್ಷರದಲ್ಲಿ ಬರೆಸಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ ಅದು, ಕರೆ ಉಚಿತ.