ತಿಂಗಳಿಗೊಮ್ಮೆ ಓದಬೇಕಾದ ಪತ್ರ

1770ರ ಏಪ್ರಿಲ್ 21ರಂದು ವಿಯೆನ್ನಾದಿಂದ ಫ್ರಾನ್ಸಿನತ್ತ ಹೊರಟ ಮದುವಣಗಿತ್ತಿಗೆ ಹದಿನಾಲ್ಕು ವರ್ಷ. ಗಂಡನನ್ನು ಅವಳಿನ್ನೂ ಕಣ್ಣಾರೆ ಕಂಡಿರಲಿಲ್ಲ. ಎರಡು ದಿನ ಮುಂಚೆ ಚರ್ಚಿನಲ್ಲಿ ನಡೆದ ಮದುವೆಯಲ್ಲಿ ವರನ ಜಾಗದಲ್ಲಿ ನಿಂತಿದ್ದವನು ಅವಳ ಸ್ವಂತ ಅಣ್ಣ ಫರ್ಡಿನಾಂಡ್. ನಿಜವಾದ ವರ, ಫ್ರಾನ್ಸಿನ ಯುವರಾಜ ಲೂಯಿ, ದೂರದ ವರ್ಸೇಲ್ಸ್‌ನಲ್ಲಿದ್ದ.

ಮುಂದೆ ಮರಿ ಆಂಟೊನೆಟ್ ಎಂದು ಲೋಕ ಕರೆದ ಹುಡುಗಿ ಇವಳೇ. ತಾಯಿ ಮರಿಯಾ ತೆರೆಸಾ ಆಸ್ಟ್ರಿಯಾವನ್ನು ಆಳುತ್ತಿದ್ದ ಸಾಮ್ರಾಜ್ಞಿ, ಹದಿನಾರು ಮಕ್ಕಳನ್ನು ಹೆತ್ತವಳು. ಮಗಳು ಹೊರಟ ದಿನವೇ ಆಕೆ ಫ್ರೆಂಚ್ ಭಾಷೆಯಲ್ಲಿ ಒಂದು ಪತ್ರ ಬರೆದುಕೊಟ್ಟಳು. ಅದನ್ನು ಪ್ರತಿ ತಿಂಗಳು 21ನೇ ತಾರೀಕಿನಂದು, ಅಂದರೆ ತವರು ಬಿಟ್ಟ ತಿಥಿಯಂದು, ತೆಗೆದು ಓದಬೇಕೆಂದು ತಾಕೀತು ಮಾಡಿದಳು.

ಪತ್ರ ಶುರುವಾಗುವುದು ಬೆಳಗಿನ ಪ್ರಾರ್ಥನೆಯಿಂದ. ಎದ್ದ ಕೂಡಲೇ ಮೊಣಕಾಲೂರಿ ಪ್ರಾರ್ಥಿಸು, ಬೇರೆ ಕೆಲಸಕ್ಕೆ ಕೈಹಾಕುವ ಮುಂಚೆ ಒಂದಿಷ್ಟಾದರೂ ಧರ್ಮಗ್ರಂಥ ಓದು, ಪಾದ್ರಿಗಳನ್ನು ಕೇಳದೆ ಯಾವ ಪುಸ್ತಕವನ್ನೂ ಮುಟ್ಟಬೇಡ ಎನ್ನುತ್ತಾಳೆ ತಾಯಿ. ದೇವರ ಮಾತು ಮುಗಿದ ಮೇಲೆ ಬರುವುದು ಗಂಡನ ಮನೆಯ ಮಾತು. ಯಾರ ಪರವಾಗಿಯೂ ಶಿಫಾರಸು ಮಾಡಬೇಡ. ಅಲ್ಲಿಲ್ಲದ ಹೊಸ ಪದ್ಧತಿ ತರಬೇಡ. ತಿಳಿಯದಿದ್ದರೆ ಕೇಳಲು ನಾಚಬೇಡ. ಎಲ್ಲರ ಕಣ್ಣೂ ನಿನ್ನ ಮೇಲಿರುತ್ತದೆ.

ಈ ಪೈಕಿ ಶಿಫಾರಸಿನ ಎಚ್ಚರಿಕೆಯಲ್ಲಿ ಅನುಭವದ ತೂಕವಿದೆ. ಹೊಸ ಸೊಸೆ ಅರಮನೆಗೆ ಕಾಲಿಟ್ಟ ಕೂಡಲೇ ಹುದ್ದೆ, ಪಿಂಚಣಿ ಬೇಕಾದವರು ಸುತ್ತಿಕೊಳ್ಳುತ್ತಾರೆಂಬುದು ದರ್ಬಾರು ನಡೆಸಿದ ಹೆಂಗಸಿಗೆ ಗೊತ್ತಿತ್ತು. ಒಬ್ಬರಿಗೆ ಉಪಕಾರ ಮಾಡಿದರೆ ಹತ್ತು ಮಂದಿ ಮುನಿಸಿಕೊಳ್ಳುತ್ತಾರೆ. ರಾಣಿಯಾದ ಮೇಲೆ ಮಗಳು ಎಡವಿದ್ದೂ ಇಲ್ಲಿಯೇ. ಗೆಳತಿ ಪೋಲಿನ್ಯಾಕ್‌ಳ ಮನೆಯವರಿಗೆ ಹುದ್ದೆ, ಹಣ ಹರಿದುಬಂದು ಹಳೆಯ ಮನೆತನಗಳು ತಿರುಗಿಬಿದ್ದವು.

ಹೊರಟ ಎರಡು ವಾರದೊಳಗೆ ಬರೆದ ಇನ್ನೊಂದು ಪತ್ರದಲ್ಲಿ ದನಿ ಬೇರೆ. ಸುಖವಾದ ದಾಂಪತ್ಯವೇ ಲೋಕದಲ್ಲಿ ನಿಜವಾದ ಸುಖ, ಅದನ್ನು ಕಂಡವಳಾಗಿ ಹೇಳುತ್ತಿದ್ದೇನೆ ಎಂಬುದು ಅದರ ತಿರುಳು. ಗಂಡನನ್ನು ಪ್ರೀತಿಸಿ ಮದುವೆಯಾಗಿ, 1765ರಲ್ಲಿ ಅವನನ್ನು ಕಳೆದುಕೊಂಡು, ಬದುಕಿನುದ್ದಕ್ಕೂ ಕಪ್ಪು ಬಟ್ಟೆ ಬಿಡದವಳು ಹೀಗೆ ಬರೆದಾಗ ಅದು ಬರಿಯ ಉಪದೇಶವಲ್ಲ. ಆದರೆ ಅದೇ ಪತ್ರದಲ್ಲಿ ಆಕೆ ಹೆಂಡತಿ ಎಲ್ಲದರಲ್ಲೂ ಗಂಡನಿಗೆ ವಿಧೇಯಳಾಗಿರಬೇಕೆಂದೂ ಬರೆಯುತ್ತಾಳೆ. ತಾನು ಮಾತ್ರ ರಾಜ್ಯವನ್ನು ಗಂಡನ ಕೈಗೆ ಬಿಟ್ಟುಕೊಟ್ಟವಳಲ್ಲ.

ಬುದ್ಧಿಮಾತು ಹೇಳಿ ಆಕೆ ಸುಮ್ಮನಾಗಲಿಲ್ಲ. ಪ್ಯಾರಿಸ್ಸಿನಲ್ಲಿದ್ದ ಆಸ್ಟ್ರಿಯಾದ ರಾಯಭಾರಿ ಮೆರ್ಸಿ, ಮಗಳು ಯಾರೊಡನೆ ಮಾತಾಡಿದಳು, ಎಲ್ಲಿ ಹೋದಳು ಎಂಬುದನ್ನೆಲ್ಲ ಗುಟ್ಟಾಗಿ ಬರೆದು ಕಳಿಸುತ್ತಿದ್ದ. ತಿಂಗಳಿಗೊಮ್ಮೆ ಓಡಾಡುತ್ತಿದ್ದ ಅಂಚೆಯಾಳಿನ ಚೀಲದಲ್ಲಿ ಮಗಳ ಕಾಗದದ ಜೊತೆ ಅವಳ ಮೇಲಿನ ವರದಿಯೂ ಇರುತ್ತಿತ್ತು. ಅದನ್ನು ಓದಿ ತಾಯಿ ಬೈದು ಬರೆಯುತ್ತಿದ್ದಳು. ಅಮ್ಮನಿಗೆ ಇಷ್ಟೆಲ್ಲ ಹೇಳುತ್ತಿರುವವನು ಯಾರೆಂಬ ಸುಳಿವು ಮಗಳಿಗೆ ಸಿಗದಂತೆ ಇಬ್ಬರೂ ಎಚ್ಚರ ವಹಿಸುತ್ತಿದ್ದರು. ತಾಯಿಯ ಕಳವಳವೂ ಸಾಮ್ರಾಜ್ಞಿಯ ಲೆಕ್ಕಾಚಾರವೂ ಇಲ್ಲಿ ಹೆಣೆದುಕೊಂಡಿವೆ. ಈ ಮದುವೆಯ ಮೇಲೆ ಎರಡು ದೇಶಗಳ ಮೈತ್ರಿ ನಿಂತಿತ್ತು, ನಿಜ. ಆದರೂ ಹದಿಹರೆಯದ ಹುಡುಗಿಯ ಬೆನ್ನಿಗೆ ಗೂಢಚಾರನನ್ನು ಬಿಟ್ಟದ್ದನ್ನು ಒಪ್ಪುವುದು ಕಷ್ಟ.

ಬೈಗುಳ ತಲೆಗೂದಲನ್ನೂ ಬಿಡಲಿಲ್ಲ. 1775ರ ಮಾರ್ಚಿನಲ್ಲಿ ಸಾಮ್ರಾಜ್ಞಿಯ ಕಿವಿಗೆ ಬಿದ್ದ ಸುದ್ದಿ ಮೂರು ಅಡಿ ಎತ್ತರದ ಮುಡಿಯದು, ಅದರ ಮೇಲೆ ಗರಿ, ರಿಬ್ಬನ್ನುಗಳದು. ಚೆಲುವೆಯಾದ ರಾಣಿಗೆ ಈ ಹುಚ್ಚಾಟ ಬೇಡವೆಂದು ತಾಯಿ ಬರೆದಳು. ಇಲ್ಲಿ ಎಲ್ಲರೂ ಗರಿ ಮುಡಿಯುತ್ತಾರೆ, ನಾನೊಬ್ಬಳೇ ಬಿಟ್ಟರೆ ವಿಚಿತ್ರವಾಗಿ ಕಾಣುತ್ತದೆ ಎಂದು ಮಗಳು ಉತ್ತರಿಸಿದಳು.

ಎಲ್ಲಕ್ಕಿಂತ ದೊಡ್ಡ ಚಿಂತೆ ಮೊದಲ ದಿನದ ಪತ್ರದಲ್ಲಿರಲಿಲ್ಲ. ಮದುವೆಯಾಗಿ ವರ್ಷಗಳೇ ಕಳೆದರೂ ಗಂಡಹೆಂಡಿರು ಸಂಸಾರ ಹೂಡಲಿಲ್ಲ. ತಾಯಿ ಪತ್ರದ ಮೇಲೆ ಪತ್ರ ಬರೆದು ವಿಚಾರಿಸಿದಳು. ತಾಳ್ಮೆಯಿಂದಿರು, ಗಂಡನನ್ನು ಒಲಿಸಿಕೋ, ರಾತ್ರಿ ಹೊತ್ತು ಮೀರಿ ಸುತ್ತಬೇಡ ಎಂದಳು. 1777ರಲ್ಲಿ ಹಿರಿಯಣ್ಣ ಜೋಸೆಫ್ ಫ್ರಾನ್ಸಿಗೆ ಹೋಗಿ ಭಾವಮೈದುನನೊಡನೆ ಮುಚ್ಚುಮರೆಯಿಲ್ಲದೆ ಮಾತಾಡಿದ ಮೇಲಷ್ಟೇ ತೊಡಕು ಬಿಡಿಸಿಕೊಂಡಿತು. ಆಗಸ್ಟ್ ಕೊನೆಗೆ ಮಗಳು ತಾಯಿಗೆ ಸಂತೋಷದ ಸುದ್ದಿ ಬರೆದಳು. ಮರುವರ್ಷ ಡಿಸೆಂಬರಿನಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟರು. ಗಂಡುಮಗು ಹುಟ್ಟಿದ್ದು 1781ರಲ್ಲಿ. ಅಷ್ಟರೊಳಗೆ ಸಾಮ್ರಾಜ್ಞಿ ತೀರಿಕೊಂಡಿದ್ದಳು.

ತಾಯಿಮಗಳು ಮತ್ತೆ ಭೇಟಿಯಾಗಲೇ ಇಲ್ಲ. ಹತ್ತೂವರೆ ವರ್ಷ ಅವರನ್ನು ಬೆಸೆದದ್ದು ಕಾಗದಗಳು ಮಾತ್ರ. ನನ್ನ ಪತ್ರ ಹರಿದುಹಾಕು, ನಿನ್ನವನ್ನು ನಾನೂ ಹರಿಯುತ್ತೇನೆ, ಆಗ ಮನಬಿಚ್ಚಿ ಬರೆಯಬಹುದು ಎಂದು ಶುರುವಿನಲ್ಲೇ ತಾಯಿ ಹೇಳಿದ್ದಳು. ಆದರೆ ಅವು ವಿಯೆನ್ನಾದ ದಫ್ತರದಲ್ಲಿ ಉಳಿದುಬಂದವು. 1860ರ ದಶಕದಲ್ಲಿ ಇತಿಹಾಸಕಾರ ಆರ್ನೆಟ್ ಅವುಗಳನ್ನು ಅಚ್ಚು ಹಾಕಿಸಿದಾಗ ದಾಂಪತ್ಯದ ಗುಟ್ಟಿನ ಸಾಲುಗಳನ್ನು ಮಾತ್ರ ಮರೆಮಾಡಿದ. ಅವು ಬೆಳಕಿಗೆ ಬಂದದ್ದು ಮುಂದಿನ ಶತಮಾನದಲ್ಲಿ.